2 ⊗ 1 ಸೊನ್ನೆಯೇ?

ಬೀಜಗಣಿತದಲ್ಲಿ 2 ⊗ 1 ಎಂದು ಬರೆದು ‘ಇದು ಸೊನ್ನೆಯೇ?’ ಎಂದು ಕೇಳಿದರೆ ಉತ್ತರ ಹೇಳಲಾಗದು. ಆ 2 ಯಾವ ಗುಂಪಿಗೆ ಸೇರಿದ್ದು ಎಂಬುದು ಮೊದಲು ಗೊತ್ತಾಗಬೇಕು.

ಇಲ್ಲಿ ಮಾಡ್ಯೂಲ್ ಎಂದರೆ, ತನ್ನೊಳಗೇ ಕೂಡಿಸಿ, ಕಳೆದು, ಪೂರ್ಣಾಂಕಗಳಿಂದ ಗುಣಿಸಲು ಬರುವಂಥ ವಸ್ತುಗಳ ಗುಂಪು. ನಮಗೆ ಮೂರು ಸಾಕು. ಎಲ್ಲ ಪೂರ್ಣಾಂಕಗಳ ಗುಂಪು Z, ಸಮಸಂಖ್ಯೆಗಳದ್ದು 2Z, ಮತ್ತು 0, 1 ಎರಡೇ ಇರುವ Z/2. ಕೊನೆಯದರಲ್ಲಿ 1 + 1 = 0. ಸಂಖ್ಯೆ ಸಮವೋ ಬೆಸವೋ ಎಂಬುದೊಂದನ್ನೇ ಅದು ನೆನಪಿಡುತ್ತದೆ.

ಎರಡು ಮಾಡ್ಯೂಲ್‌ಗಳ ಟೆನ್ಸರ್ ಗುಣಲಬ್ಧ ಕಟ್ಟಲು ಒಂದರಿಂದ m, ಇನ್ನೊಂದರಿಂದ n ಆಯ್ದು m ⊗ n ಎಂಬ ಚಿಹ್ನೆ ಬರೆಯುತ್ತೇವೆ. ಇಂಥ ಚಿಹ್ನೆಗಳ ಮೊತ್ತಗಳೆಲ್ಲ ಅದರ ಸದಸ್ಯರು. ನಿಯಮಗಳು ಎರಡು. ಯಾವ ಬದಿಯಲ್ಲಿ ಮೊತ್ತವಿದ್ದರೂ ಅದನ್ನು ಬಿಡಿಸಿ ಬರೆಯಬಹುದು. ಪೂರ್ಣಾಂಕವೊಂದು ಚಿಹ್ನೆಯನ್ನು ದಾಟಿ ಆಚೆ ಹೋಗಬಹುದು: km ⊗ n = m ⊗ kn. ಅಬೇಲಿಯನ್ ಗ್ರೂಪ್‌ಗಳಿಗೆ ಈ ರಚನೆಯನ್ನು ಹಾಸ್ಲರ್ ವಿಟ್ನಿ 1938ರಲ್ಲಿ ಕೊಟ್ಟರು.

ಈಗ Z ⊗ Z/2ರಲ್ಲಿ 2 ⊗ 1 ತೆಗೆದುಕೊಳ್ಳಿ. ಎರಡನ್ನು 2 × 1 ಎಂದು ಬರೆದು, ಆ 2ನ್ನು ಆಚೆ ದಾಟಿಸಿದರೆ 1 ⊗ 2 ಆಗುತ್ತದೆ. ಬಲಗಡೆ 2 ಎಂದರೆ 0. ಹಾಗಾಗಿ ಇಲ್ಲಿ 2 ⊗ 1 ಸೊನ್ನೆ.

ಅದೇ ಚಿಹ್ನೆಯನ್ನು 2Z ⊗ Z/2ರಲ್ಲಿ ನೋಡೋಣ. ಈ ಗುಂಪಿನಲ್ಲಿ 1 ಇಲ್ಲ, ಆದ್ದರಿಂದ ಹಿಂದಿನ ಹೆಜ್ಜೆ ಇಡಲಾಗದು. ಆದರೆ ಒಂದು ದಾರಿ ಮುಚ್ಚಿದೆ ಎಂದ ಮಾತ್ರಕ್ಕೆ ಬೇರೆ ದಾರಿಯೇ ಇಲ್ಲ ಎಂದಾಗುವುದಿಲ್ಲ; ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಸೊನ್ನೆ ಎಂದು ತೋರಿಸಲು ನಿಯಮಗಳು ಸಾಕು, ಸೊನ್ನೆಯಲ್ಲ ಎಂದು ತೋರಿಸಲು ಸಾಕ್ಷಿ ಬೇಕು. ಆ ಸಾಕ್ಷಿ ಇದು: 2a ⊗ b ಎಂಬುದಕ್ಕೆ ab ಎಂಬ ಬೆಲೆ ಕೊಡಿ, Z/2ರೊಳಗೆ ಎಣಿಸಿ. ಈ ಬೆಲೆ ಎರಡೂ ನಿಯಮಗಳಿಗೆ ಹೊಂದುತ್ತದೆ, ಪರೀಕ್ಷಿಸಿ ನೋಡಬಹುದು. 2 ⊗ 1ರ ಬೆಲೆ 1. ಸೊನ್ನೆಗೆ ಸಿಗಬೇಕಾದ ಬೆಲೆ 0. ಆದ್ದರಿಂದ ಇಲ್ಲಿ 2 ⊗ 1 ಸೊನ್ನೆಯಲ್ಲ.

ಇದರ ಪರಿಣಾಮ ದೊಡ್ಡದು. 2Z ಎಂಬುದು Zನ ಒಳಗೇ ಇದೆ. Zನಿಂದ Z/2ಗೆ ಹೋಗುವಾಗ ಸೊನ್ನೆಯಾಗುವುದು ಸಮಸಂಖ್ಯೆಗಳು ಮಾತ್ರ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹೀಗೆ ಒಂದು ಹಂತದಿಂದ ಬಂದದ್ದೇ ಮುಂದಿನ ಹಂತದಲ್ಲಿ ಕರಾರುವಾಕ್ಕಾಗಿ ಸೊನ್ನೆಯಾಗುವ ಸಾಲಿಗೆ ಎಕ್ಸಾಕ್ಟ್ ಸರಣಿ ಎನ್ನುತ್ತಾರೆ:

0 → 2Z → Z → Z/2 → 0

ಇಡೀ ಸಾಲನ್ನು Z/2 ಜೊತೆ ಟೆನ್ಸರ್ ಮಾಡಿದರೆ ಮೂರು ಜಾಗದಲ್ಲೂ ಎರಡೆರಡು ಸದಸ್ಯರ ಗುಂಪು ಉಳಿಯುತ್ತದೆ. ಎಡಗಡೆ ಸೊನ್ನೆಯಲ್ಲದ 2 ⊗ 1, ನಡುವಿನ ಗುಂಪಿಗೆ ಕಾಲಿಟ್ಟೊಡನೆ ಸೊನ್ನೆಯಾಗುತ್ತದೆ. ಮೊದಲು ಒಳಗೆ ಹಾಯಾಗಿ ಕುಳಿತಿದ್ದ ಗುಂಪು ಈಗ ಪೂರ್ತಿ ಅಳಿಸಿಹೋಯಿತು. ಸರಣಿಯ ಎಡ ತುದಿ ಮುರಿಯಿತು.

ಬಲ ತುದಿ ಮಾತ್ರ ಯಾವ ಮಾಡ್ಯೂಲ್ ಜೊತೆ ಟೆನ್ಸರ್ ಮಾಡಿದರೂ ಮುರಿಯುವುದಿಲ್ಲ. A → B → C → 0 ಎಂಬುದು ಎಕ್ಸಾಕ್ಟ್ ಆಗಿದ್ದರೆ, Cಯ ಪ್ರತಿ cಯೂ Bಯ ಯಾವುದೋ bಯಿಂದ ಬಂದದ್ದು. ಹಾಗಾಗಿ c ⊗ n ಕೂಡ b ⊗ nನಿಂದ ಬರುತ್ತದೆ. ಒಂದೇ cಗೆ b, b′ ಎಂಬ ಇಬ್ಬರು ಇದ್ದರೆ ಅವರ ವ್ಯತ್ಯಾಸ Aಯಿಂದ ಬಂದಿರುತ್ತದೆ. ಅಂದರೆ Aಯಿಂದ ಬಂದದ್ದನ್ನು ಕಡೆಗಣಿಸಿದರೆ c ⊗ nನಿಂದ ಹಿಂದಕ್ಕೆ ಗೊಂದಲವಿಲ್ಲದೆ ಹೋಗಬಹುದು. ಟೆನ್ಸರ್ ಬಲಗಡೆ ಎಕ್ಸಾಕ್ಟ್ ಎನ್ನುವುದು ಇದಕ್ಕೇ. ಈ ವಾದ ಎಡಗಡೆಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಎಡಗಡೆ ಯಾವಾಗಲೂ ಮುರಿಯುತ್ತದೆ ಎಂದೂ ಅಲ್ಲ. ಇದೇ ಸರಣಿಯನ್ನು Z/3 ಜೊತೆ ಟೆನ್ಸರ್ ಮಾಡಿದರೆ ನಷ್ಟವಿಲ್ಲ, ಏಕೆಂದರೆ ಅಲ್ಲಿ ಎರಡರಿಂದ ಗುಣಿಸಿದರೆ 1 ಹೋಗಿ 2, 2 ಹೋಗಿ 1 ಆಗುತ್ತದಷ್ಟೆ. ಭಿನ್ನರಾಶಿಗಳ Q ಯಾವ ಸರಣಿಯನ್ನೂ ಮುರಿಯದು; ಅಂಥವನ್ನು ಫ್ಲ್ಯಾಟ್ ಎನ್ನುತ್ತಾರೆ.

ಕಳೆದುಹೋದದ್ದನ್ನು ಗಣಿತಜ್ಞರು ಕೈಬಿಡಲಿಲ್ಲ, ಅದಕ್ಕೆ ಟಾರ್ ಎಂದು ಹೆಸರಿಟ್ಟು ಲೆಕ್ಕವಿಟ್ಟರು. ಆನ್ರಿ ಕಾರ್ಟಾನ್ ಮತ್ತು ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಅವರ 1956ರ ಗ್ರಂಥ ಇದನ್ನು ವ್ಯವಸ್ಥಿತವಾಗಿ ಕಟ್ಟಿತು. ನಮ್ಮ ಉದಾಹರಣೆಯಲ್ಲಿ Tor₁(Z/2, Z/2) ಎರಡು ಸದಸ್ಯರ ಗುಂಪು: ಸೊನ್ನೆ, ಮತ್ತು ಆ 2 ⊗ 1.

ಇದು ಬರೀ ಚಿಹ್ನೆಗಳ ಆಟವಲ್ಲ, ಆಕಾರಗಳಲ್ಲೂ ಕಾಣುತ್ತದೆ. ಗೋಳದ ಮೇಲೆ ಎದುರುಬದುರಿನ ಬಿಂದುಗಳನ್ನು ಒಂದೇ ಎಂದು ಎಣಿಸಿದರೆ ಪ್ರೊಜೆಕ್ಟಿವ್ ಸಮತಲ ಸಿಗುತ್ತದೆ. ಅದನ್ನು ಒಂದು ಹಾಳೆಯಾಗಿ ಬಿಡಿಸಿದರೆ ಅದರ ಅಂಚು ಒಂದೇ ಕುಣಿಕೆಯನ್ನು ಎರಡು ಸಲ ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ. ಪೂರ್ಣಾಂಕಗಳಲ್ಲಿ ಎಣಿಸಿದರೆ ಅಂಚು 2, ಆದ್ದರಿಂದ ಮೇಲ್ಮೈ ಮುಚ್ಚಿಲ್ಲ ಎನ್ನಬೇಕಾಗುತ್ತದೆ. Z/2ರಲ್ಲಿ ಎಣಿಸಿದರೆ ಆ 2 ಸೊನ್ನೆ, ಮೇಲ್ಮೈ ಮುಚ್ಚಿದ್ದು. ಹೀಗೆ ಎರಡನೆಯ ಹೋಮಾಲಜಿಯಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಸದಸ್ಯ ಬಂದದ್ದು ಇದೇ ಟಾರ್‌ನಿಂದ.