ಶುಕಮುನಿಯ ಶ್ಲೋಕ, ಯಶೋದೆಯ ಆಟ

‘ಜಗದೋದ್ಧಾರನ’ ಕೀರ್ತನೆಯನ್ನು ಪುರಂದರದಾಸರು ಹಾಡಿದ್ದು ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ, ಅಂಬೆಗಾಲು ಕೃಷ್ಣನ ಎದುರು ಎಂಬುದು ಪ್ರತೀತಿ. ಆ ಗುಡಿಯ ಮೂಲದೇವರು ಅಪ್ರಮೇಯಸ್ವಾಮಿ. ಹಾಡಿನ ಎರಡನೆಯ ಚರಣದಲ್ಲೂ ಆ ಹೆಸರು ಬರುವುದರಿಂದ ಪ್ರತೀತಿ ಗಟ್ಟಿಯಾಗಿ ನಿಂತಿದೆ. ಆದರೆ ಹಾಡಿನ ಬೀಜ ಅದಕ್ಕೂ ಹಿಂದಿನದು. ಭಾಗವತದ ದಶಮಸ್ಕಂಧ, ಎಂಟನೆಯ ಅಧ್ಯಾಯ, ಪ್ರಚಲಿತ ಪಾಠದ 45ನೆಯ ಶ್ಲೋಕದಲ್ಲಿ ಅದಿದೆ ಎಂಬುದು ನನ್ನ ದೃಢವಾದ ಅನಿಸಿಕೆ.

ಸಂದರ್ಭ ಮಣ್ಣು ತಿಂದ ಕಥೆ. ಕೃಷ್ಣನ ಬಾಯೊಳಗೆ ಯಶೋದೆ ಬೆಟ್ಟ, ಕಡಲು, ನಕ್ಷತ್ರಗಳನ್ನು ಕಂಡಳು. ಗೋಕುಲವನ್ನೂ ತನ್ನನ್ನೂ ಅಲ್ಲೇ ಕಂಡಳು. ಕಂಡದ್ದೇನೆಂದು ಅರಿವಾಗುವಷ್ಟರಲ್ಲಿ ವೈಷ್ಣವ ಮಾಯೆ ಕವಿದು ಎಲ್ಲವೂ ಮರೆತುಹೋಯಿತು. ಮಗುವನ್ನು ತೊಡೆಗೇರಿಸಿಕೊಂಡಳು. ಆಗ ಶುಕಮುನಿ ಹೇಳುತ್ತಾನೆ: ಮೂರು ವೇದಗಳು, ಉಪನಿಷತ್ತುಗಳು, ಸಾಂಖ್ಯ, ಯೋಗ, ಸಾತ್ವತರು ಯಾರ ಮಹಿಮೆಯನ್ನು ಹಾಡುತ್ತಾರೋ ಆ ಹರಿಯನ್ನು ಅವಳು ತನ್ನ ಮಗನೆಂದುಕೊಂಡಳು.

ಶ್ಲೋಕದ ಬೆರಗೆಲ್ಲ ಈ ‘ಅಂದುಕೊಂಡಳು’ ಎಂಬ ಒಂದೇ ಕ್ರಿಯಾಪದದ ಮೇಲೆ ನಿಂತಿದೆ. ದಾಸರು ಕೈಯಿಟ್ಟದ್ದು ಅಲ್ಲಿಗೇ. ಮಗನೆಂದು ತಿಳಿಯುವುದನ್ನು ಅವರು ಬಿಡಲಿಲ್ಲ, ಅನುಪಲ್ಲವಿಗೆ ತಂದು ಅಪೂರ್ಣ ಕ್ರಿಯೆಯಾಗಿ ಇರಿಸಿದರು. ವಾಕ್ಯವನ್ನು ಪೂರ್ಣಗೊಳಿಸುವ ಪಟ್ಟವನ್ನು ‘ಆಡಿಸುವ’ ಕೆಲಸಕ್ಕೆ ಕೊಟ್ಟರು. ಶುಕಮುನಿ ತಾಯಿಯ ಮನಸ್ಸನ್ನು ತೋರಿಸಿದರೆ ದಾಸರು ಅವಳ ಕೈಗಳನ್ನು ತೋರಿಸುತ್ತಾರೆ. ಪ್ರತಿ ಚರಣದಲ್ಲೂ ದೇವರ ಗುಣಗಳು ದ್ವಿತೀಯಾ ವಿಭಕ್ತಿಯಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು ಬಂದು, ಕೊನೆಗೆ ಯಶೋದೆಯ ಆಟಕ್ಕೇ ಕರ್ಮಪದಗಳಾಗುತ್ತವೆ. ಅನುವಾದ ಇಲ್ಲಿ ನಡೆದಿರುವುದು ವ್ಯಾಕರಣದಲ್ಲಿ.

ಶಾಸ್ತ್ರಗಳ ಉದ್ದನೆಯ ಪಟ್ಟಿಯನ್ನು ಅವರು ‘ನಿಗಮ’ ಎಂಬ ಒಂದು ಮಾತಿಗೆ ಇಳಿಸಿದರು. ಜೊತೆಗೆ ಒಂದು ತಿರುವನ್ನೂ ಕೊಟ್ಟರು. ಶ್ಲೋಕದಲ್ಲಿ ವೇದ ಹರಿಯನ್ನು ಹಾಡುತ್ತದೆ, ಕೀರ್ತನೆಯಲ್ಲಿ ಅವನು ವೇದದ ಹಿಡಿತಕ್ಕೆ ಸಿಗುವುದಿಲ್ಲ. ಇದು ವಿರೋಧವೆಂದು ತೋರಬಹುದು. ವ್ಯಾಸರಾಯರ ಶಿಷ್ಯರಾದ ದಾಸರಿಗೆ ಅದು ವಿರೋಧವಲ್ಲ: ವೇದ ಹರಿಯನ್ನೇ ಹೇಳುತ್ತದೆ, ಆದರೆ ಪೂರ್ತಿಯಾಗಿ ಹೇಳಿ ಮುಗಿಸಲಾರದು ಎಂಬುದು ಮಾಧ್ವ ಸಿದ್ಧಾಂತ. ಅದಕ್ಕೇ ಆ ಚರಣದಲ್ಲಿ ಮಹಿಮೆಗೆ ಲೆಕ್ಕವಿಲ್ಲವೆಂಬ ವಿಶೇಷಣ ಒತ್ತಿನಲ್ಲೇ ಬರುತ್ತದೆ.

ಎರಡನೆಯ ಚರಣಕ್ಕೆ ಮೂಲ ಭಾಗವತವಲ್ಲ, ಕಠೋಪನಿಷತ್ತು. ಅಣುವಿಗಿಂತ ಅಣು, ಮಹತ್ತಿಗಿಂತ ಮಹತ್ತು ಎಂಬ ಮಾತನ್ನು ದಾಸರು ಬಹುಮಟ್ಟಿಗೆ ಸಂಸ್ಕೃತದಲ್ಲೇ ಉಳಿಸಿಕೊಂಡು ಕನ್ನಡದ ವಿಭಕ್ತಿಯನ್ನಷ್ಟೇ ಹಚ್ಚಿದರು. ಉಪನಿಷತ್ತು ಅದನ್ನು ಹೇಳುವುದು ಹೃದಯದ ಗುಹೆಯಲ್ಲಿರುವ ಆತ್ಮನ ಬಗ್ಗೆ. ಇಲ್ಲಿ ಅದು ತಾಯಿಯ ಕೈಗೆ ಸಿಕ್ಕ ಮಗುವಿನ ಅಳತೆ. ಜಗತ್ತನ್ನೇ ಬಾಯಲ್ಲಿಟ್ಟುಕೊಂಡ ಮಗುವಿನ ಕಥೆಗೆ ಇದಕ್ಕಿಂತ ಒಪ್ಪುವ ಶ್ರುತಿವಾಕ್ಯ ಹುಡುಕಿದರೂ ಸಿಗದು.

ಕೊನೆಯ ಚರಣ ಪರಮಪುರುಷನಿಂದ ಹೊರಟು ಅಂಕಿತಕ್ಕೆ ಬರುತ್ತದೆ. ಶ್ಲೋಕದಲ್ಲಿ ಶುಕಮುನಿಗೆ ತನ್ನ ಹೆಸರು ಹೇಳಿಕೊಳ್ಳಲು ಜಾಗವಿಲ್ಲ. ಕೀರ್ತನೆಯಲ್ಲಿ ಪುರಂದರವಿಠಲನಿಗೂ ಅದೇ ದ್ವಿತೀಯಾ ವಿಭಕ್ತಿ ಹತ್ತುತ್ತದೆ. ದಾಸರ ಇಷ್ಟದೈವವನ್ನೂ ಯಶೋದೆ ಆಡಿಸುತ್ತಾಳೆ.