‘ದೊಡ್ಡ’ ಅಂತ ಟೈಪ್ ಮಾಡಿದ್ದೇ ತಪ್ಪಾಯ್ತು!

ಅಪ್ಪನಿಗೆ 60 ತುಂಬುತ್ತಿತ್ತು. ಹುಟ್ಟುಹಬ್ಬ ಅಂದ್ರೆ ಅವರಿಗೆ ಆಗಲ್ಲ, ‘ಸುಮ್ನೆ ದುಡ್ಡು ದಂಡ’ ಅಂತಾರೆ. ಅದಕ್ಕೇ ಹೇಳದೆ ಮಾಡೋಣ ಅಂತ ಅಕ್ಕ, ನಾನು, ಅಮ್ಮ ಸೇರಿ ತೀರ್ಮಾನಿಸಿದೆವು. ಮಾಕಳಿದುರ್ಗದ ನಮ್ಮ ಮನೆ ಅಂಗಳದಲ್ಲಿ ಭಾನುವಾರ ಮಧ್ಯಾಹ್ನ ಶಾಮಿಯಾನ, ಮುದ್ದೆ, ನಾಟಿಕೋಳಿ ಸಾರು. ಬೆಳಗ್ಗೆಯೇ ಭಾವ ಅಪ್ಪನನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ, ಒಂದು ಗಂಟೆಗೆ ವಾಪಸ್ ಕರ್ಕೊಂಡು ಬರೋದು. ಪ್ಲಾನ್ ಪಕ್ಕಾ ಇತ್ತು.

ಒಂದೇ ತೊಡಕು, ದೊಡ್ಡಪ್ಪ. ಜಮೀನು ಭಾಗ ಆದಾಗ ಬದುವಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕರೆದರೆ ಅಪ್ಪ ಮುಖ ಗಂಟಿಕ್ಕಿಕೊಂಡು ಎದ್ದು ಹೋಗಬಹುದು ಅನ್ನೋ ಭಯದಿಂದ ಅವರ ಮನೆಯವರನ್ನು ಪಟ್ಟಿಯಿಂದ ಬಿಟ್ಟೆವು.

ಗುರುವಾರ ರಾತ್ರಿ ಯಲಹಂಕದ ಪಿಜಿಯಲ್ಲಿ ಕೂತು ಅಡುಗೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಹೀಗೆ ಬರೆದೆ: ‘ಭಾನುವಾರ ಅಪ್ಪನ 60ನೇ ವರ್ಷದ ಊಟ. ದೊಡ್ಡಪ್ಪನ ಮನೆಯವರನ್ನ ಕರೀತಿಲ್ಲ, ಅವರನ್ನ ಬಿಟ್ಟು 45 ಜನ. ಕೋಳಿ 11 ಕೆಜಿ ಸಾಕಾ? ಅಪ್ಪನಿಗೆ ಗೊತ್ತಾಗಬಾರದು.’

ಅಡುಗೆಯವರ ನಂಬರನ್ನು ನಾನು ‘ದೊಡ್ಡಬಳ್ಳಾಪುರ ಅಡುಗೆ’ ಅಂತ ಸೇವ್ ಮಾಡಿದ್ದೆ. ಹುಡುಕುವ ಜಾಗದಲ್ಲಿ ‘ದೊಡ್ಡ’ ಅಂತ ಹೊಡೆದ ಕೂಡಲೇ ಮೊದಲು ಬಂದ ಹೆಸರನ್ನು ಒತ್ತಿಬಿಟ್ಟೆ. ಅದು ದೊಡ್ಡಪ್ಪನದು!

ಕಳಿಸಿದ ಮೇಲೆ ಮೇಲಿನ ಫೋಟೊ ನೋಡಿದೆ. ಎದೆ ಧಸಕ್ ಅಂತು. ಮೆಸೇಜ್ ಒತ್ತಿ ಹಿಡಿದು, ಕೈ ನಡುಗುತ್ತಲೇ ಅಳಿಸಿದೆ. ಆದರೆ ಒತ್ತಿದ್ದು ‘ಎಲ್ಲರಿಗೂ ಅಳಿಸಿ’ ಅಲ್ಲ, ‘ನನಗೆ ಮಾತ್ರ ಅಳಿಸಿ’. ಅಂದ್ರೆ ನನ್ನ ಫೋನಿನಿಂದ ಮಾಯ, ಅವರ ಫೋನಿನಲ್ಲಿ ಹಾಗೇ ಇದೆ. ಈ ತಪ್ಪು ಎಷ್ಟು ಜನ ಮಾಡ್ತಾರೆ ಅಂದ್ರೆ, 2022ರ ಡಿಸೆಂಬರ್‌ನಲ್ಲಿ ವಾಟ್ಸ್ಆ್ಯಪ್ ಇದಕ್ಕೆಂದೇ ‘ಅನ್‌ಡೂ’ ತಂದಿತು. ತಳದಲ್ಲಿ 5 ಸೆಕೆಂಡ್ ಕಾಣುತ್ತೆ, ಅಷ್ಟರಲ್ಲಿ ಒತ್ತಿದರೆ ಮೆಸೇಜ್ ವಾಪಸ್ ಬರುತ್ತೆ, ಆಮೇಲೆ ಸರಿಯಾಗಿ ಅಳಿಸಬಹುದು. ನಾನು ಆ 5 ಸೆಕೆಂಡ್ ‘ಅಯ್ಯೋ ದೇವ್ರೇ’ ಅನ್ನೋದರಲ್ಲೇ ಕಳೆದೆ.

ಸರಿಯಾಗಿ ಅಳಿಸಿದ್ದರೂ ಪೂರ್ತಿ ಬಚಾವ್ ಆಗ್ತಿರಲಿಲ್ಲ. ಎಲ್ಲರಿಗೂ ಅಳಿಸಲು ಈಗ ಎರಡು ದಿನಕ್ಕಿಂತ ತುಸು ಹೆಚ್ಚು ಸಮಯವಿದೆ, ನಿಜ. ಆದರೆ ಆ ಜಾಗದಲ್ಲಿ ‘ಮೆಸೇಜ್ ಅಳಿಸಲಾಗಿದೆ’ ಅನ್ನೋ ಸಾಲು ಉಳಿಯುತ್ತೆ. ಅಷ್ಟರೊಳಗೆ ಅವರು ನೋಟಿಫಿಕೇಶನ್‌ನಲ್ಲೇ ಓದಿಬಿಟ್ಟಿದ್ದರೆ ಮುಗೀತು.

ಅಕ್ಕನಿಗೆ ಫೋನ್ ಮಾಡಿದೆ. ‘ನೀನೇ ದೊಡ್ಡಪ್ಪನಿಗೆ ಫೋನ್ ಮಾಡಿ ತಪ್ಪಾಯ್ತು ಅನ್ನು’ ಅಂದಳು. ಧೈರ್ಯ ಬರಲಿಲ್ಲ. ಬೆಳಗ್ಗೆ ಮಾಡೋಣ ಅಂತ ಮಲಗಿದೆ.

ಬೆಳಗ್ಗೆ ಆರೂವರೆಗೆ ಅಪ್ಪನ ಫೋನ್. ‘ಏನ್ ಮಗಾ, ಭಾನುವಾರ ಊಟ ಅಂತೆ?’

ನನಗೆ ಮಾತೇ ಹೊರಡಲಿಲ್ಲ. ಅಪ್ಪನೇ ಹೇಳಿದರು: ‘ನಿಮ್ ದೊಡ್ಡಪ್ಪ ಫೋನ್ ಮಾಡಿದ್ದ. “ನಿಂಗೆ ಅರವತ್ತಾಯ್ತೇನೋ, ನನ್ನ ಬಿಟ್ಟು ಎಣಿಸ್ತಾವ್ರೆ ನಿನ್ನ ಮಕ್ಳು” ಅಂದ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಕಡೆಯಿಂದ ಹಳಿ ಮೇಲೆ ರೈಲು ಹೋಗೋ ಸದ್ದು ಕೇಳ್ತಿತ್ತು. ಅದು ದಾಟಿದ ಮೇಲೆ ಕೇಳಿದರು, ‘ನನ್ ಕೇಳ್ದೆ ಅವನನ್ನ ಯಾಕವ್ವ ಬಿಟ್ರಿ? ಜಗಳ ನಂದು ಅವನ್ದು, ನಿಮ್ದಲ್ವಲ್ಲ.’

ಅಳು ಬಂತು. ಅಪ್ಪ ಬೈಯಲಿಲ್ಲ. ‘ಅಡುಗೆಯವರಿಗೆ 45 ಅಲ್ಲ, 50 ಅಂತ ಹೇಳು. ಅಣ್ಣನಿಗೆ ನಾನೇ ಹೇಳ್ತೀನಿ’ ಅಂದು ಫೋನ್ ಇಟ್ಟರು.

ಭಾನುವಾರ ದೊಡ್ಡಪ್ಪ ಬಂದರು. ಸಿನಿಮಾದ ಹಾಗೆ ತಬ್ಬಿಕೊಂಡು ಅಳಲಿಲ್ಲ. ಒಂದೇ ಸಾಲಿನಲ್ಲಿ ಇಬ್ಬರು ಬಿಟ್ಟು ಕೂತರು, ಮಳೆ ಬಗ್ಗೆ ಎರಡು ಮಾತಾಡಿದರು. ಬದುವಿನ ಮಾತು ಎತ್ತಲಿಲ್ಲ, ಅದು ಇನ್ನೂ ಹಾಗೇ ಇದೆ. ಹೊರಡುವಾಗ ದೊಡ್ಡಪ್ಪ ನನ್ನ ತಲೆ ಮೇಲೆ ಮೊಟಕಿ, ‘ಮುಂದಿನ ಸಲ ನೋಡ್ಕೊಂಡು ಒತ್ತವ್ವ’ ಅಂದರು.

ಅಡುಗೆಯವರ ಹೆಸರನ್ನು ಅವತ್ತೇ ‘ಅಡುಗೆ ದೊಡ್ಡಬಳ್ಳಾಪುರ’ ಅಂತ ತಿರುಗಿಸಿ ಸೇವ್ ಮಾಡಿದೆ. ಈಗ ಮೆಸೇಜ್ ಬರೆಯೋ ಮೊದಲೇ ಮೇಲಿನ ಹೆಸರು, ಫೋಟೊ ನೋಡ್ತೀನಿ. ಆದರೆ ನನ್ನ ನಿಜವಾದ ತಪ್ಪು ಬೆರಳಿನದಲ್ಲ. ಅಡುಗೆಯವರಿಗೆ ಬೇಕಿದ್ದದ್ದು ದಿನ, ಹೊತ್ತು, 45 ಅನ್ನೋ ಲೆಕ್ಕ, ಅಷ್ಟೇ. ಯಾರನ್ನ ಬಿಟ್ಟೆವು ಅನ್ನೋದನ್ನ ಅವರಿಗೆ ಬರೆಯೋ ಅಗತ್ಯವೇ ಇರಲಿಲ್ಲ. ಅಷ್ಟನ್ನೇ ಬರೆದಿದ್ದರೆ, ಮೆಸೇಜ್ ತಪ್ಪಿ ಹೋದರೂ ದೊಡ್ಡಪ್ಪನ ಮನಸ್ಸಿಗೆ ಅಷ್ಟು ನೋವಾಗ್ತಿರಲಿಲ್ಲ.

ಹಾಗಂತ, ಬರೆಯದೇ ಇದ್ದಿದ್ದರೆ ದೊಡ್ಡಪ್ಪ ಊಟಕ್ಕೂ ಬರ್ತಿರಲಿಲ್ಲ.