ಮೂರೂವರೆ ಲೀಟರಿನ ಲೆಕ್ಕ

ಡಯಾಲಿಸಿಸ್ ಘಟಕದಲ್ಲಿ ನರ್ಸ್ ಮೊದಲು ನೋಡುವುದು ತೂಕದ ಯಂತ್ರವನ್ನು. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ 58 ಕಿಲೋ ತೂಗುವ ರೋಗಿಯೊಬ್ಬರು ಸೋಮವಾರ 61.5 ಕಿಲೋ ಇದ್ದಾರೆ ಎಂದುಕೊಳ್ಳಿ. ಎರಡು ದಿನದಲ್ಲಿ ಸೇರಿದ ಮೂರೂವರೆ ಕಿಲೋ ಬಹುಪಾಲು ನೀರೇ.

ಅದನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕೆಂದರೆ ಗಂಟೆಗೆ 875 ಮಿಲಿಲೀಟರ್, ಅಂದರೆ ಕಿಲೋಗೆ ಸುಮಾರು 15. ಸಾಮಾನ್ಯವಾಗಿ 13 ದಾಟಬಾರದು ಎನ್ನುತ್ತಾರೆ. ರಕ್ತದಿಂದ ನೀರು ಹೋಗುವ ವೇಗಕ್ಕೆ ಅಂಗಾಂಶಗಳಿಂದ ನೀರು ವಾಪಸು ಬರದಿದ್ದರೆ ರಕ್ತದೊತ್ತಡ ಕುಸಿಯುತ್ತದೆ. ಮೊದಲ ಸುಳಿವು ಎಷ್ಟೋ ಸಲ ಬರೀ ಆಕಳಿಕೆ! ಬಳಿಕ ಬೆವರು, ವಾಕರಿಕೆ, ಮೀನಖಂಡದಲ್ಲಿ ಸೆಳೆತ. ನರ್ಸ್ ನೀರು ತೆಗೆಯುವುದನ್ನು ನಿಲ್ಲಿಸಿ, ರೋಗಿಯನ್ನು ಮಲಗಿಸಿ ಕಾಲೆತ್ತಿ, ಅಗತ್ಯವಿದ್ದರೆ ಸ್ವಲ್ಪ ಸಲೈನ್ ಕೊಡುತ್ತಾರೆ. ವೈದ್ಯರು ಒಪ್ಪಿದರೆ ಅವಧಿಯನ್ನು ಐದು ಗಂಟೆಗೆ ಹಿಗ್ಗಿಸಬಹುದು; ಆಗ ಗಂಟೆಗೆ 700 ಸಾಕು.

ಒತ್ತಡ ಕುಸಿದರೆ ತೋಳಿನ ಫಿಸ್ಟುಲಾಕ್ಕೂ ಅಪಾಯ. ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಮಾಡಿದ ಆ ದಾರಿಯಲ್ಲಿ ಹರಿವು ಕುಂದಿ ರಕ್ತ ಹೆಪ್ಪುಗಟ್ಟಬಹುದು. ಬೆರಳಿಟ್ಟರೆ ಬೆಕ್ಕು ಗುರುಗುಟ್ಟುವಂಥ ಕಂಪನ ಸಿಗಬೇಕು. ಒಂದು ಬೆಳಗ್ಗೆ ಅದು ಸಿಗದಿದ್ದರೆ ಮುಂದಿನ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆ ತೋಳಿಗೆ ಬಿ.ಪಿ. ಪಟ್ಟಿಯನ್ನೂ ಸುತ್ತಿಸಿಕೊಳ್ಳಬಾರದು.

‘ನೀರು ಕಡಿಮೆ ಕುಡಿಯಿರಿ’ ಎಂಬ ಬುದ್ಧಿಮಾತು ಮಾತ್ರ ಅರ್ಧ ಸಲಹೆ. ಸುಮಾರು 8 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ, ಬಾಯಾರಿಕೆಯನ್ನೂ ಕೆರಳಿಸುತ್ತದೆ. ಆದ್ದರಿಂದ ಅನುಭವಿ ನರ್ಸ್ ಲೋಟಕ್ಕಿಂತ ಮೊದಲು ಉಪ್ಪಿನಕಾಯಿ, ಹಪ್ಪಳಗಳನ್ನು ವಿಚಾರಿಸುತ್ತಾರೆ. ನಂತರ ಸಾರು, ಮಜ್ಜಿಗೆ, ಗಂಜಿಯೂ ನೀರಿನ ಲೆಕ್ಕಕ್ಕೇ ಸೇರುತ್ತವೆ ಎಂದು ನೆನಪಿಸುತ್ತಾರೆ.